ಎನ್‌ಪಿವಿ ಒಂದನ್ನು, ಐಆರ್‌ಆರ್ ಇನ್ನೊಂದನ್ನು ತೋರಿಸಿದಾಗ: ವರ್ಷ ವರ್ಷ ಬೇರೆ ಮೊತ್ತ ಬರುವ ಹೂಡಿಕೆಗಳನ್ನು ಹೋಲಿಸುವುದು ಹೇಗೆ?

ಎರಡು ಹೂಡಿಕೆಗಳು ಮುಂದಿವೆ ಅಂದುಕೊಳ್ಳಿ. ಎರಡಕ್ಕೂ ಇವತ್ತು 1000 ಹಾಕಬೇಕು. ಎರಡೂ ನಾಲ್ಕು ವರ್ಷಕ್ಕೆ ಮುಗಿಯುತ್ತವೆ. ಆರಿಸಬಹುದಾದದ್ದು ಒಂದನ್ನು ಮಾತ್ರ. ಆದರೆ ಹಣ ವಾಪಸ್ ಬರುವ ರೀತಿ ಮಾತ್ರ ತದ್ವಿರುದ್ಧ.

| ವರ್ಷ | ಅ ಯೋಜನೆ | ಬ ಯೋಜನೆ |
|---|---|---|
| 0 | −1000 | −1000 |
| 1 | 700 | 50 |
| 2 | 350 | 200 |
| 3 | 150 | 400 |
| 4 | 50 | 850 |

ಅ ಯೋಜನೆ ಶುರುವಿನಲ್ಲೇ ಜಾಸ್ತಿ ಕೊಟ್ಟು ಆಮೇಲೆ ಬತ್ತುತ್ತದೆ. ಒಟ್ಟು ಬರುವುದು 1250. ಬ ಯೋಜನೆ ಮೊದಲ ವರ್ಷ ಹೆಚ್ಚೂಕಡಿಮೆ ಏನೂ ಕೊಡದೆ, ಕೊನೆಯಲ್ಲಿ ದೊಡ್ಡ ಮೊತ್ತ ಕೊಡುತ್ತದೆ. ಅದರ ಒಟ್ಟು 1500. ಅಂಕಿಗಳು ನೂರರಲ್ಲಿರಲಿ, ಲಕ್ಷದಲ್ಲಿರಲಿ, ಲೆಕ್ಕ ಒಂದೇ.

ಈ ಜೋಡಿಯನ್ನು ಬೇಕೆಂದೇ ಹೀಗೆ ಇಟ್ಟಿದ್ದೇನೆ. ಇದರಲ್ಲಿ ಎನ್‌ಪಿವಿ, ಅಂದರೆ ಲಾಭವನ್ನು ಇವತ್ತಿನ ಬೆಲೆಯಲ್ಲಿ ಹೇಳುವ ಲೆಕ್ಕ, ಒಂದು ಯೋಜನೆಯನ್ನು ಒಳ್ಳೆಯದು ಅನ್ನುತ್ತದೆ. ಐಆರ್‌ಆರ್, ಅಂದರೆ ಲಾಭವನ್ನು ಶೇಕಡಾವಾರು ದರದಲ್ಲಿ ಹೇಳುವ ಲೆಕ್ಕ, ಇನ್ನೊಂದನ್ನು. ಪ್ರತಿ ವರ್ಷ ಬರುವ ಮೊತ್ತ ಬೇರೆ ಬೇರೆ ಇದ್ದಾಗ ಇಂಥ ತಕರಾರು ಆಗಾಗ ಬರುತ್ತದೆ. ಆಗ ಯಾವುದನ್ನು ನಂಬಬೇಕು, ಯಾಕೆ ನಂಬಬೇಕು ಅನ್ನುವುದನ್ನು ಇದೇ ಲೆಕ್ಕ ಹಿಡಿದು ಕೊನೆತನಕ ನೋಡೋಣ.

ಮೊದಲು ದರ ಗೊತ್ತು ಮಾಡಿಕೊಳ್ಳಿ

ಎನ್‌ಪಿವಿ ಅಂದರೆ ನಿವ್ವಳ ಪ್ರಸ್ತುತ ಮೌಲ್ಯ. ಮುಂದೆ ಬರುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಅದರಲ್ಲಿ ಇವತ್ತು ಹಾಕುವ ಹಣವನ್ನು ಕಳೆದರೆ ಉಳಿಯುವುದೇ ಅದು. ಇವತ್ತಿನ ಬೆಲೆಗೆ ಇಳಿಸಲು ಒಂದು ದರ ಬೇಕು. ಅದನ್ನು ಡಿಸ್ಕೌಂಟ್ ದರ ಅನ್ನುತ್ತಾರೆ.

ಈ ದರವನ್ನು ಸುಮ್ನೆ ಊಹಿಸಿ ಹಾಕಬೇಡಿ. ಹಣ ನಿಮ್ಮದೇ ಆಗಿದ್ದರೆ, ಇಷ್ಟೇ ಅಪಾಯ ಇರುವ ಬೇರೆ ಕಡೆ ಹಾಕಿದರೆ ಎಷ್ಟು ಸಿಗುತ್ತಿತ್ತು ಅಂತ ನೋಡಿ. ಸಾಲ ತಂದು ಹಾಕುವುದಾದರೆ ದರ ಆ ಸಾಲದ ಬಡ್ಡಿಗಿಂತ ಕಡಿಮೆ ಇರಬಾರದು. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಮುಂದಿನ ವರ್ಷಗಳ ಮೊತ್ತವನ್ನು ಬೆಲೆ ಏರಿಕೆ ಸೇರಿಸಿ ಅಂದಾಜು ಮಾಡಿದ್ದರೆ, ದರವೂ ಬೆಲೆ ಏರಿಕೆ ಸೇರಿದ್ದೇ ಆಗಿರಬೇಕು. ಇವತ್ತಿನ ಬೆಲೆಯಲ್ಲೇ ಬರೆದಿದ್ದರೆ ದರದಿಂದಲೂ ಬೆಲೆ ಏರಿಕೆಯನ್ನು ತೆಗೆಯಬೇಕು. ಒಂದರಲ್ಲಿ ಸೇರಿಸಿ ಇನ್ನೊಂದರಲ್ಲಿ ಬಿಟ್ಟರೆ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ನಮ್ಮ ಉದಾಹರಣೆಗೆ ದರ 8% ಇರಲಿ.

ಎನ್‌ಪಿವಿ: ಒಂದೊಂದು ವರ್ಷವನ್ನೂ ಬೇರೆಯಾಗಿ ಇಳಿಸಬೇಕು

ಪ್ರತಿ ವರ್ಷ ಒಂದೇ ಮೊತ್ತ ಬರುವಂತಿದ್ದರೆ ಒಂದೇ ಗುಣಾಕಾರದಲ್ಲಿ ಲೆಕ್ಕ ಮುಗಿಯುತ್ತದೆ. ಏರುಪೇರು ಇದ್ದಾಗ ಆ ಅಡ್ಡದಾರಿ ನಡೆಯುವುದಿಲ್ಲ. ಒಂದು ವರ್ಷದ ನಂತರ ಬರುವುದನ್ನು 1.08 ರಿಂದ ಒಮ್ಮೆ ಭಾಗಿಸಿ. ಎರಡು ವರ್ಷದ ನಂತರ ಬರುವುದನ್ನು ಎರಡು ಸಲ ಭಾಗಿಸಿ. ಹೀಗೇ ಮುಂದುವರಿಸಿ.

```
ಅ: 700/1.08 + 350/1.08^2 + 150/1.08^3 + 50/1.08^4
 = 648.15 + 300.07 + 119.07 + 36.75 = 1104.04
   NPV = 1104 - 1000 = 104

ಬ: 50/1.08 + 200/1.08^2 + 400/1.08^3 + 850/1.08^4
 = 46.30 + 171.47 + 317.53 + 624.78 = 1160.08
   NPV = 1160 - 1000 = 160
```

ಎರಡೂ ಲಾಭದಲ್ಲಿವೆ. 8% ದರದಲ್ಲಿ ಬ ಯೋಜನೆ 56 ರಷ್ಟು ಮುಂದಿದೆ.

ಕೆಲವರು ಸುಲಭ ಆಗಲಿ ಅಂತ ಸರಾಸರಿ ಹಿಡಿಯುತ್ತಾರೆ. ಅ ಯೋಜನೆಯ 1250 ನ್ನು ನಾಲ್ಕರಿಂದ ಭಾಗಿಸಿ, ವರ್ಷಕ್ಕೆ 312.5 ಬರುತ್ತದೆ ಅಂದುಕೊಂಡು ಲೆಕ್ಕ ಹಾಕಿದರೆ ಅದರ ಎನ್‌ಪಿವಿ ಬರೀ 35 ಬರುತ್ತದೆ. ಬ ಯೋಜನೆಗೆ ವರ್ಷಕ್ಕೆ 375 ಅಂತ ಹಿಡಿದರೆ 242 ಬರುತ್ತದೆ. ನಿಜವಾದ ಉತ್ತರ 104 ಮತ್ತು 160. ಬೇಗ ಹಣ ಕೊಡುವ ಯೋಜನೆಯನ್ನು ಸರಾಸರಿ ಕುಗ್ಗಿಸುತ್ತದೆ, ತಡವಾಗಿ ಕೊಡುವುದನ್ನು ಉಬ್ಬಿಸುತ್ತದೆ. ಇಲ್ಲಿ ಗೆದ್ದ ಯೋಜನೆ ಬದಲಾಗಲಿಲ್ಲ, ಆದರೆ 56 ಇದ್ದ ಅಂತರ 207 ಆಗಿ ಕಾಣಿಸಿತು. ಬ ಯೋಜನೆ ಎಷ್ಟು ಸ್ವಲ್ಪದರಲ್ಲಿ ಗೆದ್ದಿದೆ ಅನ್ನುವುದೇ ಮುಚ್ಚಿಹೋಯಿತು.

ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವಾಗ

ಯೋಜನೆಗಳ ಹೆಸರು A ಕಾಲಮ್‌ನಲ್ಲಿರಲಿ. 0 ಯಿಂದ 4 ರವರೆಗಿನ ವರ್ಷಗಳ ಮೊತ್ತ B ಯಿಂದ F ವರೆಗೆ ಇರಲಿ. ಅ ಯೋಜನೆ 2 ನೇ ಸಾಲು, ಬ ಯೋಜನೆ 3 ನೇ ಸಾಲು. ಸೂತ್ರ ಇದು:

```
=B2+NPV(8%,C2:F2)
=B3+NPV(8%,C3:F3)
```

ಇಲ್ಲಿ B2 ಯಾಕೆ ಹೊರಗಿದೆ ಅನ್ನುವುದನ್ನು ಗಮನಿಸಿ. NPV ಫಂಕ್ಷನ್ ತನಗೆ ಕೊಟ್ಟ ಮೊದಲ ಮೊತ್ತವೇ ಒಂದು ವರ್ಷದ ನಂತರ ಬರುವುದು ಅಂತ ತಿಳಿಯುತ್ತದೆ. ಇವತ್ತೇ ಹಾಕುವ −1000 ನ್ನೂ ಅದರೊಳಗೆ ತುರುಕಿದರೆ, ಅಂದರೆ `=NPV(8%,B2:F2)` ಅಂತ ಬರೆದರೆ, ಎಲ್ಲವೂ ಒಂದೊಂದು ವರ್ಷ ತಡವಾಗಿ ಬಂದಂತೆ ಆಗುತ್ತದೆ. ಆಗ ಉತ್ತರ 104 ರ ಬದಲು 96.34 ಬರುತ್ತದೆ, ಬ ಯೋಜನೆಗೆ 160 ರ ಬದಲು 148.22. ದೊಡ್ಡ ವ್ಯತ್ಯಾಸ ಅಲ್ಲದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅನುಮಾನ ಬಂದರೆ ಆ ಉತ್ತರವನ್ನು 1.08 ರಿಂದ ಗುಣಿಸಿ ನೋಡಿ. ಕೈಯಲ್ಲಿ ಮಾಡಿದ ಲೆಕ್ಕಕ್ಕೆ ಸರಿಹೋದರೆ ತಪ್ಪು ಇದೇ.

ಇನ್ನೊಂದು ತಪ್ಪು ಏರುಪೇರಿನ ಲೆಕ್ಕದಲ್ಲೇ ಹೆಚ್ಚಾಗಿ ಆಗುವುದು. ಯಾವುದೋ ವರ್ಷ ಹಣವೇ ಬರುವುದಿಲ್ಲ ಅಂತ ಆ ಸೆಲ್ ಅನ್ನು ಖಾಲಿ ಬಿಡಬೇಡಿ. ಅಲ್ಲಿ 0 ಹಾಕಿ. ಎಕ್ಸೆಲ್‌ನ NPV ಖಾಲಿ ಸೆಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅದರ ನಂತರದ ಮೊತ್ತಗಳೆಲ್ಲ ಒಂದು ವರ್ಷ ಮುಂಚೆಯೇ ಬಂದಂತೆ ಆಗಿ, ಯೋಜನೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹಣ ಸರಿಯಾಗಿ ವರ್ಷದ ಕೊನೆಗೇ ಬರುತ್ತದೆ ಅನ್ನುವುದು ಈ ಫಂಕ್ಷನ್‌ಗಳು ಮಾಡಿಕೊಂಡಿರುವ ಊಹೆ. ನಿಜವಾದ ದಿನಾಂಕಗಳು ಗೊತ್ತಿದ್ದರೆ XNPV ಮತ್ತು XIRR ಬಳಸಿ. XNPV ಮೊದಲ ದಿನಾಂಕವನ್ನೇ ಇವತ್ತು ಅಂತ ಹಿಡಿಯುತ್ತದೆ. ಅದರಲ್ಲಿ ಆರಂಭದ ಮೊತ್ತವನ್ನು ಹೊರಗಿಡಬಾರದು, ಒಳಗೇ ಸೇರಿಸಬೇಕು.

ಐಆರ್‌ಆರ್: ಯಾವ ದರಕ್ಕೆ ಎನ್‌ಪಿವಿ ಸೊನ್ನೆ ಆಗುತ್ತದೆ?

ದರ ಏರಿಸುತ್ತ ಹೋದರೆ ಎನ್‌ಪಿವಿ ಇಳಿಯುತ್ತ ಬರುತ್ತದೆ. ಅದು ಸರಿಯಾಗಿ ಸೊನ್ನೆ ಆಗುವ ದರವೇ ಐಆರ್‌ಆರ್, ಅಂದರೆ ಆಂತರಿಕ ಆದಾಯ ದರ. ಇದನ್ನು ನೇರವಾಗಿ ಕಂಡುಹಿಡಿಯುವ ಸುಲಭ ಸೂತ್ರ ಇಲ್ಲ. ದರಗಳನ್ನು ಹಾಕಿ ಹಾಕಿ ನೋಡಬೇಕು. ಸ್ಪ್ರೆಡ್‌ಶೀಟ್ ಕೂಡ ಮಾಡುವುದು ಅದನ್ನೇ.

ಕೈಯಲ್ಲಿ ಮಾಡುವುದಾದರೆ ಎನ್‌ಪಿವಿ ಪ್ಲಸ್ ಬರುವ ಒಂದು ದರ, ಮೈನಸ್ ಬರುವ ಇನ್ನೊಂದು ದರ ಹಿಡಿಯಿರಿ. ಅ ಯೋಜನೆಗೆ 12% ಹಾಕಿದರೆ 42.6 ಬರುತ್ತದೆ. 16% ಹಾಕಿದರೆ −12.7 ಬರುತ್ತದೆ. ಐಆರ್‌ಆರ್ ಇವೆರಡರ ನಡುವೆ ಇದೆ. ನಾಲ್ಕು ಅಂಶದಲ್ಲಿ ಒಟ್ಟು ಇಳಿತ 55.3. ಸೊನ್ನೆಗೆ ಬರಲು 42.6 ಇಳಿಯಬೇಕು.

```
12 + 4 × 42.6/55.3 = 15.08
```

ಸ್ಪ್ರೆಡ್‌ಶೀಟ್‌ನಲ್ಲಿ `=IRR(B2:F2)` ಕೊಡುವುದು 15.04%. ಕೈಲೆಕ್ಕ ಯಾವಾಗಲೂ ಒಂಚೂರು ಜಾಸ್ತಿ ತೋರಿಸುತ್ತದೆ. ಯಾಕೆಂದರೆ ಎನ್‌ಪಿವಿ ಇಳಿಯುವುದು ಒಳಕ್ಕೆ ಬಾಗಿದ ಗೆರೆಯಲ್ಲಿ, ನಾವು ಮಾತ್ರ ನೇರ ಗೆರೆ ಎಳೆದು ಲೆಕ್ಕ ಹಾಕುತ್ತೇವೆ. ಹಿಡಿದ ಎರಡು ದರಗಳು ಹತ್ತಿರ ಇದ್ದಷ್ಟೂ ಈ ವ್ಯತ್ಯಾಸ ಕಡಿಮೆ.

ಬ ಯೋಜನೆಗೆ ಇದೇ ರೀತಿ ಮಾಡಿದರೆ ಐಆರ್‌ಆರ್ ಸುಮಾರು 13%. ಒಂದು ಗಮನಿಸಿ: NPV ಸೂತ್ರದಲ್ಲಿ ಹೊರಗಿಟ್ಟ ಆರಂಭದ ಮೊತ್ತವನ್ನು IRR ಒಳಗೆ ಸೇರಿಸಲೇಬೇಕು.

ಈಗ ತಕರಾರು ಎದುರಿಗೇ ಇದೆ. ಐಆರ್‌ಆರ್ ನೋಡಿದರೆ ಅ ಯೋಜನೆ, 15ಕ್ಕೆ 13. ಎನ್‌ಪಿವಿ ನೋಡಿದರೆ ಬ ಯೋಜನೆ, 160ಕ್ಕೆ 104.

ಹೆಚ್ಚುವರಿ ಹರಿವನ್ನು ಬೇರೆ ತೆಗೆದು ನೋಡಿ

ಇಂಥ ಕಡೆ ಎನ್‌ಪಿವಿಯನ್ನೇ ಒಪ್ಪಿಕೊಳ್ಳಿ ಅಂತ ಪುಸ್ತಕಗಳು ಹೇಳಿ ಮುಂದೆ ಹೋಗುತ್ತವೆ. ಮಾತು ಸರಿಯೇ. ಆದರೆ ಕಾರಣ ಕಣ್ಣಿಗೆ ಕಾಣುವಂತೆ ಮಾಡುವ ಒಂದು ಹೆಜ್ಜೆ ಇದೆ. ನನ್ನ ಮಟ್ಟಿಗೆ ಈ ಇಡೀ ಹೋಲಿಕೆಯಲ್ಲಿ ತುಂಬಾ ಉಪಯೋಗಕ್ಕೆ ಬರುವ ಹೆಜ್ಜೆ ಅದೇ. ಬ ಯೋಜನೆಯಿಂದ ಅ ಯೋಜನೆಯನ್ನು ಕಳೆಯಿರಿ.

| ವರ್ಷ | ಬ − ಅ |
|---|---|
| 0 | 0 |
| 1 | −650 |
| 2 | −150 |
| 3 | 250 |
| 4 | 800 |

ಈ ಸಾಲು ಏನು ಹೇಳುತ್ತಿದೆ ಅಂತ ಓದಿ. ಅ ಬಿಟ್ಟು ಬ ಹಿಡಿದರೆ, ಮೊದಲ ವರ್ಷ ಸಿಗಬಹುದಾಗಿದ್ದ 650, ಎರಡನೇ ವರ್ಷ 150 ಬಿಟ್ಟುಕೊಡುತ್ತೀರಿ. ಅದಕ್ಕೆ ಬದಲಾಗಿ ಮೂರನೇ ವರ್ಷ 250, ನಾಲ್ಕನೇ ವರ್ಷ 800 ಹೆಚ್ಚಿಗೆ ಪಡೆಯುತ್ತೀರಿ. ಇದೇ ಒಂದು ಹೂಡಿಕೆ ಅಲ್ವಾ? ಹಾಗಾದರೆ ಇದಕ್ಕೂ ಐಆರ್‌ಆರ್ ಕಂಡುಹಿಡಿಯಬಹುದು. ನಾಲ್ಕನೇ ಸಾಲಿನಲ್ಲಿ ಈ ವ್ಯತ್ಯಾಸ ಇಟ್ಟು `=IRR(C4:F4)` ಕೇಳಿದರೆ ಸುಮಾರು 11.15% ಬರುತ್ತದೆ.

ಈ 11.15% ಎರಡು ಯೋಜನೆಗಳ ಗಡಿ. ಇದೇ ದರದಲ್ಲಿ ಎರಡರ ಎನ್‌ಪಿವಿಯೂ ಒಂದೇ ಆಗುತ್ತದೆ. ಬೇರೆ ಬೇರೆ ದರ ಹಾಕಿದರೆ ಹೀಗೆ ಕಾಣುತ್ತದೆ:

| ದರ | ಅ ಎನ್‌ಪಿವಿ | ಬ ಎನ್‌ಪಿವಿ |
|---|---|---|
| 8% | 104 | 160 |
| 10% | 72 | 92 |
| 12% | 43 | 29 |

ನಿಮ್ಮ ದರ 8% ಆಗಿದ್ದರೆ, ಹಣಕ್ಕಾಗಿ ಕಾಯುವುದಕ್ಕೆ ಸಿಗುವ ಪ್ರತಿಫಲ 11.15%. ಬೇರೆ ಕಡೆ ಹಾಕಿದ್ದರೆ ಸಿಗುತ್ತಿದ್ದುದು 8%. ಕಾಯುವುದೇ ಲಾಭ, ಅದಕ್ಕೇ ಬ. ನಿಮ್ಮ ದರ 12% ಆಗಿದ್ದರೆ ಬೇಗ ಕೈಗೆ ಬಂದ 650 ನ್ನು ಬೇರೆ ಕಡೆ ಹಾಕಿ ಅದಕ್ಕಿಂತ ಜಾಸ್ತಿ ಗಳಿಸಬಹುದು. ಆಗ ಅ. ಮತ್ತು ಆಗ ಎನ್‌ಪಿವಿಯೂ ಐಆರ್‌ಆರ್ ಹೇಳಿದ್ದನ್ನೇ ಹೇಳುತ್ತದೆ. ಅಂದರೆ ತಕರಾರು ಬರುವುದು ನಿಮ್ಮ ದರ ಈ ಗಡಿಗಿಂತ ಕೆಳಗಿದ್ದಾಗ ಮಾತ್ರ.

ಈ ಗಡಿ ಗೊತ್ತಿದ್ದರೆ ಇನ್ನೊಂದು ಅನುಕೂಲ ಇದೆ. ಡಿಸ್ಕೌಂಟ್ ದರವನ್ನು ಕರಾರುವಾಕ್ಕಾಗಿ ಹೇಳುವುದು ಕಷ್ಟ. 7 ಇರಬಹುದು, 9 ಇರಬಹುದು ಅಂತ ನೀವು ತೂಗುತ್ತಿದ್ದರೆ ಚಿಂತೆ ಬೇಡ, ಎರಡರಲ್ಲೂ ಬ ಯೋಜನೆಯೇ ಮುಂದೆ. 10 ಇರಬಹುದು, 12 ಇರಬಹುದು ಅನ್ನುವ ಜಾಗದಲ್ಲಿದ್ದರೆ ಮಾತ್ರ ದರದ ಬಗ್ಗೆ ತಲೆಕೆಡಿಸಿಕೊಳ್ಳಬೇಕು.

ಕಳೆಯುವಾಗ ಮೈನಸ್ ಮೊತ್ತಗಳು ಮೊದಲು ಬರುವಂತೆ ಕಳೆಯಿರಿ. ಅ ಯಿಂದ ಬ ಕಳೆದರೂ ದರ ಅದೇ ಬರುತ್ತದೆ, ಆದರೆ ಆಗ ಅದು ಸಾಲದ ಬಡ್ಡಿಯಂತೆ ಆಗುತ್ತದೆ. ದರ ಕಡಿಮೆ ಇದ್ದರೆ ಒಳ್ಳೆಯದು ಅಂತ ಉಲ್ಟಾ ಓದಬೇಕಾಗುತ್ತದೆ.

15% ಯಾಕೆ ದಾರಿ ತಪ್ಪಿಸುತ್ತದೆ?

ಅ ಯೋಜನೆ ನಿಜಕ್ಕೂ 15% ಗಳಿಸುತ್ತದೆ. ಅದು ಸುಳ್ಳಲ್ಲ. ಆದರೆ ಅಷ್ಟು ಗಳಿಸುವುದು ಅದರೊಳಗೆ ಇನ್ನೂ ಉಳಿದಿರುವ ಹಣದ ಮೇಲೆ ಮಾತ್ರ. ಮೊದಲ ವರ್ಷವೇ 700 ಹೊರಗೆ ಬಂತು. ಹೊರಗೆ ಬಂದ ಹಣ ಮುಂದಿನ ಮೂರು ವರ್ಷ ನಿಮಗೆ ಸಿಗುವ 8% ಅನ್ನಷ್ಟೇ ದುಡಿಯುತ್ತದೆ. ಐಆರ್‌ಆರ್‌ಗೆ ಆ ಭಾಗ ಕಾಣುವುದೇ ಇಲ್ಲ.

ಬಂದ ಹಣವನ್ನೆಲ್ಲ 8% ಗೆ ಹಾಕುತ್ತ ಹೋದರೆ ನಾಲ್ಕನೇ ವರ್ಷದ ಕೊನೆಗೆ ಕೈಯಲ್ಲಿ ಎಷ್ಟಿರುತ್ತದೆ ಅಂತ ನೋಡಿ:

```
ಅ: 700×1.08^3 + 350×1.08^2 + 150×1.08 + 50  = 1502
ಬ: 50×1.08^3 + 200×1.08^2 + 400×1.08 + 850  = 1578
```

1000 ಹಾಕಿ ನಾಲ್ಕು ವರ್ಷಕ್ಕೆ 1502 ಆದರೆ ವರ್ಷಕ್ಕೆ 10.7% ಬಂದಂತೆ. 1578 ಆದರೆ 12.1%. ಇದನ್ನು ಎಂಐಆರ್‌ಆರ್, ಅಂದರೆ ಮಾರ್ಪಡಿಸಿದ ಐಆರ್‌ಆರ್ ಅನ್ನುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ `=MIRR(B2:F2,8%,8%)`. ಅ ಯೋಜನೆಯ 15.04% ಇಳಿದು 10.7% ಆಯಿತು, ಬ ಯೋಜನೆಯದು 13% ನಿಂದ 12.1% ಗೆ ಅಷ್ಟೇ ಇಳಿಯಿತು. ಬ ಯೋಜನೆಯಲ್ಲಿ ಹಣ ಹೆಚ್ಚು ಕಾಲ ಒಳಗೇ ಇರುವುದೇ ಇದಕ್ಕೆ ಕಾರಣ. ಶೇಕಡಾವಾರು ಸಂಖ್ಯೆಯೇ ಬೇಕು ಅನ್ನುವವರಿಗೆ ವರದಿ ಕೊಡುವಾಗ ಬರೀ ಐಆರ್‌ಆರ್ ಬದಲು ಇದನ್ನು ಕೊಡುವುದು ಒಳ್ಳೆಯದು. ಹಾಕುವ ಹಣ ಮತ್ತು ಅವಧಿ ಎರಡೂ ಒಂದೇ ಇದ್ದಾಗ ಇದು ಎನ್‌ಪಿವಿಯ ಮಾತನ್ನೇ ಹೇಳುತ್ತದೆ. ಅವು ಬೇರೆ ಬೇರೆ ಇದ್ದರೆ ಇದನ್ನೂ ನೇರವಾಗಿ ಹೋಲಿಸಬೇಡಿ.

ಮಧ್ಯದಲ್ಲಿ ಮೈನಸ್ ಬಂದರೆ

ಐಆರ್‌ಆರ್ ಒಂದೇ ಇರುತ್ತದೆ ಅಂತ ಇಷ್ಟು ಹೊತ್ತು ಅಂದುಕೊಂಡೆವು. ಮೊದಲು ಮೈನಸ್, ಆಮೇಲೆ ಬರೀ ಪ್ಲಸ್ ಇದ್ದರೆ ಅದು ಸರಿ. ಆದರೆ ಮಧ್ಯೆ ದೊಡ್ಡ ರಿಪೇರಿ ಖರ್ಚೋ, ಕೊನೆಯಲ್ಲಿ ಎಲ್ಲ ಕಿತ್ತು ತೆರವು ಮಾಡುವ ಖರ್ಚೋ ಬಂದರೆ ಚಿಹ್ನೆ ಮತ್ತೆ ಮೈನಸ್ ಆಗುತ್ತದೆ. ಚಿಹ್ನೆ ಎಷ್ಟು ಸಲ ಬದಲಾಗುತ್ತದೋ ಅಷ್ಟು ಐಆರ್‌ಆರ್ ಇರುವ ಸಾಧ್ಯತೆ ಇದೆ.

−1000, 2300, −1320 ಅನ್ನುವ ಹರಿವನ್ನು ನೋಡಿ. 10% ಹಾಕಿದರೂ ಎನ್‌ಪಿವಿ ಸೊನ್ನೆ, 20% ಹಾಕಿದರೂ ಸೊನ್ನೆ. ಸ್ಪ್ರೆಡ್‌ಶೀಟ್ ಎರಡು ಉತ್ತರ ಕೊಡುವುದಿಲ್ಲ, ತನಗೆ ಮೊದಲು ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಎಕ್ಸೆಲ್ ಹುಡುಕಾಟ ಶುರು ಮಾಡುವುದು 10% ನಿಂದ. ಈ ಮೂರು ಮೊತ್ತಗಳನ್ನು ಹೊಸ ಹಾಳೆಯ B2 ಯಿಂದ D2 ವರೆಗೆ ಬರೆದು, `=IRR(B2:D2,25%)` ಅಂತ ಬೇರೆ ಜಾಗದಿಂದ ಶುರು ಮಾಡಿಸಿ ನೋಡಿ. ಉತ್ತರ ಬದಲಾದರೆ ಐಆರ್‌ಆರ್ ಒಂದಕ್ಕಿಂತ ಹೆಚ್ಚಿದೆ ಅಂತ ಅರ್ಥ. ಈ ಹರಿವಿನಲ್ಲಿ 8% ಹಾಕಿದರೆ ಎನ್‌ಪಿವಿ −2. "ಐಆರ್‌ಆರ್ 10%, ನಮ್ಮ ದರ 8%, ಹಾಗಾಗಿ ಲಾಭ" ಅಂತ ಹೊರಟರೆ ನಷ್ಟಕ್ಕೇ ಕೈ ಹಾಕಿದಂತೆ. ಹಾಗಾಗಿ ಲೆಕ್ಕ ಶುರು ಮಾಡುವ ಮುಂಚೆಯೇ ಚಿಹ್ನೆ ಎಷ್ಟು ಸಲ ಬದಲಾಗುತ್ತದೆ ಅಂತ ಎಣಿಸಿಕೊಳ್ಳಿ. ಎರಡು ಯೋಜನೆಗಳನ್ನು ಕಳೆದು ಮಾಡಿದ ಸಾಲಿಗೂ ಇದೇ ಮಾತು. ಒಂದಕ್ಕಿಂತ ಜಾಸ್ತಿ ಸಲ ಬದಲಾದರೆ ಐಆರ್‌ಆರ್ ಬದಿಗಿಟ್ಟು ಎನ್‌ಪಿವಿಯನ್ನಷ್ಟೇ ನೋಡಿ.

ಕೊನೆಯ ವರ್ಷದ 850 ನ್ನು ಅಲ್ಲಾಡಿಸಿ ನೋಡಿ

8% ದರದಲ್ಲಿ ಬ ಯೋಜನೆ ಗೆದ್ದಿತು. ಆದರೆ ಸಹಿ ಹಾಕುವ ಮುಂಚೆ, ಆ ಗೆಲುವು ಯಾವ ಅಂಕಿಯ ಮೇಲೆ ನಿಂತಿದೆ ಅಂತ ನೋಡಬೇಕು. ಬ ಯೋಜನೆಯ ಒಟ್ಟು ಪ್ರಸ್ತುತ ಮೌಲ್ಯ 1160. ಅದರಲ್ಲಿ 625 ಬರುವುದು ನಾಲ್ಕನೇ ವರ್ಷದ ಆ ಒಂದೇ ಮೊತ್ತದಿಂದ. ಅರ್ಧಕ್ಕಿಂತ ಜಾಸ್ತಿ. ಮತ್ತು ಅದೇ ಎಲ್ಲಕ್ಕಿಂತ ದೂರದ ಅಂದಾಜು.

ಆ ಮೊತ್ತ ಎಷ್ಟು ಕಡಿಮೆಯಾದರೆ ಎರಡೂ ಸಮ ಆಗುತ್ತವೆ? ಎನ್‌ಪಿವಿಯ ಅಂತರ 56. ಅದು ಇವತ್ತಿನ ಬೆಲೆ. ನಾಲ್ಕನೇ ವರ್ಷದ ಬೆಲೆಗೆ ಏರಿಸಲು 1.08^4, ಅಂದರೆ 1.36 ರಿಂದ ಗುಣಿಸಿ. ಬರುವುದು 76. ಅಂದರೆ 850 ರ ಬದಲು 774 ಬಂದರೆ ಬ ಯೋಜನೆಯ ಹೆಚ್ಚುಗಾರಿಕೆ ಪೂರ್ತಿ ಹೋಯಿತು. ಬರೀ 9% ಇಳಿಕೆ. ನಾಲ್ಕು ವರ್ಷ ಆಚೆಗಿನ ಅಂದಾಜು 9% ತಪ್ಪುವುದು ಅಪರೂಪವೇನಲ್ಲ.

ಮೊತ್ತ ಪೂರ್ತಿ ಬಂದು, ಒಂದು ವರ್ಷ ತಡವಾದರೆ? 850 ನ್ನು ಐದನೇ ವರ್ಷಕ್ಕೆ ಸರಿಸಿ. ಅದರ ಇವತ್ತಿನ ಬೆಲೆ 625 ರಿಂದ 578.5 ಕ್ಕೆ ಇಳಿಯುತ್ತದೆ. ಬ ಯೋಜನೆಯ ಎನ್‌ಪಿವಿ 160 ರಿಂದ 114 ಆಗುತ್ತದೆ. ಅ ಯೋಜನೆಯ 104 ಕ್ಕಿಂತ ಇನ್ನೂ ಸ್ವಲ್ಪ ಮೇಲೆಯೇ ಇದೆ. ಅಂದರೆ ಈ ಯೋಜನೆಗೆ ತಡವಾಗುವುದಕ್ಕಿಂತ ಕಡಿಮೆ ಬರುವುದೇ ದೊಡ್ಡ ಅಪಾಯ. ಲೆಕ್ಕ ಹಾಕದೆ ಇದನ್ನು ಊಹಿಸುವುದು ಕಷ್ಟ.

ಈಗ ವಿಚಾರಿಸಬೇಕಾದದ್ದು ಏನು ಅಂತ ಸ್ಪಷ್ಟವಾಯಿತು. 850 ಬರುವುದು ಎಲ್ಲಿಂದ? ಲಿಖಿತ ಒಪ್ಪಂದದ ಮೊತ್ತವೋ, ಅಥವಾ ಕೊನೆಗೆ ಯಂತ್ರವನ್ನೋ ಜಾಗವನ್ನೋ ಮಾರಿದರೆ ಬರಬಹುದು ಅನ್ನುವ ನಿರೀಕ್ಷೆಯೋ? ಒಪ್ಪಂದ ಇದ್ದು, ಕೊಡುವವರು ನಂಬಿಕಸ್ತರಾಗಿದ್ದರೆ ನಾನು ಬ ಯೋಜನೆಯನ್ನೇ ಹಿಡಿಯುತ್ತೇನೆ. ಬರೀ ನಿರೀಕ್ಷೆ ಆಗಿದ್ದರೆ, ಎಷ್ಟು ಕಡಿಮೆ ಬಂದರೂ 774 ಸಿಗುತ್ತದೆಯೇ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವವರೆಗೆ ಅ ಯೋಜನೆಯನ್ನು ಕೈಬಿಡುವುದಿಲ್ಲ.